ಸೆನ್ಸರ್ ನಿಜಕ್ಕೂ ಮಲಗುತ್ತಿದೆಯಾ?

"ಮುಧೋಳದ ಕಬ್ಬಿನ ಹೊಲದಲ್ಲಿ ಎನ್‌ಬಿ-ಐಒಟಿ ತೇವಾಂಶ ಸೆನ್ಸರ್ ಇದೆ. ಪಿಎಸ್‌ಎಂ ಆನ್ ಮಾಡಿದರೂ 2600 ಎಂಎಎಚ್ ಬ್ಯಾಟರಿ ಎರಡೇ ತಿಂಗಳಿಗೆ ಖಾಲಿ. ಯಾಕೆ?"

ಸರ್, ಪಿಎಸ್‌ಎಂ ಅಂದರೆ ಬ್ಯಾಟರಿ ಉಳಿಸಲು ಮಾಡೆಮ್ ಮಲಗುವ ವ್ಯವಸ್ಥೆ. ನೀವು ಅದನ್ನು ಕೇಳಿದ್ದೀರಿ, ನೆಟ್‌ವರ್ಕ್ ಒಪ್ಪಿಲ್ಲ ಅನಿಸುತ್ತದೆ. ಹೀಗೆ ನೋಡಿ:

```
AT+CPSMS=1,,,"00100110","00000101"
AT+CEREG=4
AT+CEREG?
```

ಉದ್ಧರಣ ಚಿಹ್ನೆಯೊಳಗಿನ ಮೊದಲ ಸಂಖ್ಯೆ ಅಂದರೆ 6 ಗಂಟೆಗೊಮ್ಮೆ ನೆಟ್‌ವರ್ಕ್‌ಗೆ ಹಾಜರಿ. ಎರಡನೆಯದು, ಕೆಲಸ ಮುಗಿದ ಮೇಲೆ 10 ಸೆಕೆಂಡ್ ಎಚ್ಚರ. ಉತ್ತರದ ಕೊನೆಯಲ್ಲಿ ಟೈಮರ್‌ಗಳೇ ಬರದಿದ್ದರೆ ಮಾಡೆಮ್ ಮಲಗುತ್ತಲೇ ಇಲ್ಲ. ಸುಮ್ನೆ ಕಾಯುತ್ತಾ ಸರಾಸರಿ 2 ಮಿಲಿಆಂಪ್ ಎಳೆದರೂ ದಿನಕ್ಕೆ 48 ಎಂಎಎಚ್, 54 ದಿನಕ್ಕೆ ಮುಗಿಯಿತು. ನಿಮ್ಮ ಲೆಕ್ಕವೂ ಅದೇ ಅಲ್ವಾ? ಮಲಗಿದರೆ 5 ಮೈಕ್ರೋಆಂಪ್ ಸುತ್ತಮುತ್ತ, ವರ್ಷಕ್ಕೆ 44 ಎಂಎಎಚ್ ಅಷ್ಟೇ. ಆಮೇಲೆ ಜಾಸ್ತಿ ಖರ್ಚು ಡೇಟಾ ಕಳಿಸುವಾಗ ಮಾತ್ರ.

ಸಿಮ್ ಕೊಟ್ಟವರಿಗೆ ಪಿಎಸ್‌ಎಂ ಚಾಲೂ ಮಾಡಲು ಹೇಳಿ. ಆದರೆ ಮಲಗಿದ ಮಾಡೆಮ್‌ಗೆ ಸರ್ವರ್‌ನ ಆದೇಶ ತಲುಪುವುದಿಲ್ಲ. ವಾಲ್ವ್ ತೆರೆಸುವ ಯೋಚನೆ ಇದ್ದರೆ, ಮಾಡೆಮ್ ಆಗಾಗ ಎದ್ದು ಆದೇಶ ಇದೆಯಾ ಎಂದು ನೋಡುವ ಇಡಿಆರ್‌ಎಕ್ಸ್ ನೋಡಿ.