ಉಚಿತ ಸೋಪು, ಬಾರದ ಉತ್ತರ

ಪ್ರಶ್ನೆ: ಮನೆಯಲ್ಲೇ ಸೋಪು ಮಾಡಿ ಮಾರುತ್ತೇನೆ. ಚರ್ಮದ ಆರೈಕೆಯ ವಿಡಿಯೊ ಮಾಡುವ ಹಲವರಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಹೀಗೆ ಬರೆದೆ: ‘ಹಾಯ್, ನಿಮ್ಮ ವಿಡಿಯೊ ಸೂಪರ್. ಫ್ರೀ ಸೋಪು ಕಳಿಸ್ತೀವಿ, ಪ್ರಾಮಾಣಿಕ ರಿವ್ಯೂ ಹಾಕಿ, ನಮ್ಮನ್ನು ಟ್ಯಾಗ್ ಮಾಡಿ. ಅಡ್ರೆಸ್ ಕಳಿಸಿ.’ ಯಾರೂ ಉತ್ತರಿಸಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಸಂದೇಶದಲ್ಲಿ ಸೋಪಿನ ಬಗ್ಗೆ ಒಂದು ಮಾತೂ ಇಲ್ಲ. ಅದರಲ್ಲಿ ಏನೇನಿದೆ, ಮೈಗೋ ಮುಖಕ್ಕೋ ಎಂದು ತಿಳಿಯದೆ ಯಾರಾದರೂ ಅದನ್ನು ತಮ್ಮ ಚರ್ಮಕ್ಕೆ ಹೇಗೆ ಹಚ್ಚಿಯಾರು? ಅಪರಿಚಿತರು ಮೊದಲ ಮಾತಿನಲ್ಲೇ ಮನೆಯ ವಿಳಾಸ ಕೇಳಿದರೆ ಮೋಸದ ಖಾತೆಯೆಂಬ ಅನುಮಾನವೂ ಬರುತ್ತದೆ. ವಿಳಾಸ ಕೇಳುವುದು ಅವರು ಒಪ್ಪಿದ ಮೇಲೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ರಿವ್ಯೂ ಹಾಕಲೇಬೇಕು, ಟ್ಯಾಗ್ ಮಾಡಲೇಬೇಕು ಎಂದಾದರೆ ಅದು ಉಚಿತ ಮಾದರಿಯಲ್ಲ, ಸೋಪನ್ನೇ ಸಂಬಳವಾಗಿ ಕೊಟ್ಟು ಮಾಡಿಸುವ ಕೆಲಸ. ವಿಡಿಯೊ ಮಾಡುವವರಿಗೆ ಈ ವ್ಯತ್ಯಾಸ ಓದಿದ ಕೂಡಲೇ ಗೊತ್ತಾಗುತ್ತದೆ. ಪೋಸ್ಟ್ ಮಾಡುವುದೂ ಬಿಡುವುದೂ ಅವರಿಷ್ಟ ಎಂದು ನೀವೇ ಬಾಯಿಬಿಟ್ಟು ಹೇಳಿದಾಗಲಷ್ಟೇ ಪ್ರಾಮಾಣಿಕ ಅಭಿಪ್ರಾಯ ಬೇಕೆಂಬ ನಿಮ್ಮ ಮಾತನ್ನು ಅವರು ನಂಬುತ್ತಾರೆ.

ಬರೆಯುವ ಮುಂಚೆ ಆ ವ್ಯಕ್ತಿಯ ನಾಲ್ಕೈದು ವಿಡಿಯೊ ಪೂರ್ತಿ ನೋಡಿ. ಕೈಯಲ್ಲಿ ಮಾಡಿದ ಸೋಪು ಕ್ಷಾರೀಯ, ಅದರ ಪಿಎಚ್ ಸಾಮಾನ್ಯವಾಗಿ 9–10ರ ಆಸುಪಾಸು. ಮುಖಕ್ಕೆ ಕಡಿಮೆ ಪಿಎಚ್‌ನ ಕ್ಲೆನ್ಸರ್ ಮಾತ್ರ ಬಳಸಿ ಎಂದು ಹೇಳುತ್ತ ಬಂದವರಿಗೆ ಇದನ್ನು ಕಳಿಸಿದರೆ ಬರುವ ಅಭಿಪ್ರಾಯ ಪ್ರಾಮಾಣಿಕವಾಗಿಯೇ ಇರುತ್ತದೆ, ನಿಮ್ಮ ವಿರುದ್ಧವೂ ಇರುತ್ತದೆ. ಅದು ಸೋಪಿನ ದೋಷವಲ್ಲ, ಆಯ್ಕೆಯ ದೋಷ. ಸುವಾಸನೆಯಿಲ್ಲದ ಸ್ನಾನದ ಸೋಪು ಹುಡುಕುತ್ತಿರುವ ಒಬ್ಬರು ಸಿಕ್ಕರು ಎಂದುಕೊಳ್ಳಿ. ಅವರಿಗೆ ಹೀಗೆ ಬರೆಯಬಹುದು:

‘ನಮಸ್ಕಾರ. ಘಮವಿಲ್ಲದ ಸ್ನಾನದ ಸೋಪು ಸಿಗುವುದೇ ಕಷ್ಟ ಎಂದು ನೀವು ಹೇಳಿದ ವಿಡಿಯೊ ನೋಡಿದೆ. ನಾನು ಅಂಥದೊಂದು ಸೋಪು ಮಾಡುತ್ತೇನೆ. ಆಲಿವ್ ಎಣ್ಣೆ, ತೆಂಗಿನೆಣ್ಣೆ, ಶಿಯಾ ಬೆಣ್ಣೆಯನ್ನು ಕ್ಷಾರದೊಂದಿಗೆ ಸೇರಿಸಿ ಮಾಡಿದ್ದು, ಆರು ವಾರ ಒಣಗಿಸಿದ್ದು. ಮೈಗೆ ಮಾತ್ರ, ಮುಖಕ್ಕಲ್ಲ. 100 ಗ್ರಾಂನ ಎರಡು ಸೋಪು ಉಚಿತವಾಗಿ ಕಳಿಸಲೇ? ಪೋಸ್ಟ್ ಮಾಡಲೇಬೇಕೆಂದಿಲ್ಲ. ಮಾಡಿದರೆ ಹಿಡಿಸದ್ದನ್ನೂ ಹೇಳಿ, ಉಚಿತವಾಗಿ ಬಂದದ್ದೆಂದೂ ತಿಳಿಸಿ. ಮೊದಲೇ ನನಗೆ ತೋರಿಸುವ ಅಗತ್ಯವಿಲ್ಲ.’

ಇಷ್ಟು ಸಾಕು. ಫೋಟೊ, ಲಿಂಕ್ ಮೊದಲ ಸಂದೇಶದಲ್ಲಿ ಬೇಡ. ಅಪರಿಚಿತರ ಲಿಂಕನ್ನು ಯಾರೂ ಒತ್ತುವುದಿಲ್ಲ. ಅಪರಿಚಿತರ ಸಂದೇಶ ಹೋಗಿ ಸೇರುವ ಕೋರಿಕೆಗಳ ಪಟ್ಟಿಯಲ್ಲಿ ಕಾಣುವುದು ಮೊದಲ ಸಾಲಷ್ಟೇ, ಹಾಗಾಗಿ ಅವರ ವಿಡಿಯೊದ ಮಾತು ಅಲ್ಲೇ ಬರಲಿ. ಎರಡು ಸೋಪು ಏಕೆಂದರೆ, ಒಂದನ್ನು ಬಳಸಿ ಸವೆಸಿದ ಮೇಲೂ ಚಿತ್ರೀಕರಣಕ್ಕೆ ಹೊಸದೊಂದು ಉಳಿದಿರುತ್ತದೆ.

ಉಚಿತವಾಗಿ ಬಂದದ್ದೆಂದು ಹೇಳಿಸುವುದು ಬರೀ ಸೌಜನ್ಯವಲ್ಲ. ಹಣ ಕೈ ಬದಲಾಯಿಸದಿದ್ದರೂ ಉಚಿತ ವಸ್ತುವನ್ನು ಬಹಿರಂಗಪಡಿಸಬೇಕೆಂಬ ನಿಯಮ ಅನೇಕ ದೇಶಗಳಲ್ಲಿದೆ. ವಿಡಿಯೊದ ಆರಂಭದಲ್ಲೇ ಬಾಯಲ್ಲಿ ಹೇಳಿದರೆ ಒಳ್ಳೆಯದು. ವಿವರಣೆಯ ಕೊನೆಯಲ್ಲಿ ಹ್ಯಾಷ್‌ಟ್ಯಾಗ್‌ಗಳ ನಡುವೆ ಹುದುಗಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಹೆಸರಿನ ರಿಯಾಯಿತಿ ಕೋಡ್ ಕೊಟ್ಟು ಮಾರಾಟದಲ್ಲಿ ಪಾಲು ಕೊಡುವ ಯೋಚನೆಯಿದ್ದರೆ ಅದನ್ನು ಇದರ ಜೊತೆ ಬೆರೆಸಬೇಡಿ. ಮಾರಿದಷ್ಟೂ ಲಾಭ ಬರುವವರ ಅಭಿಪ್ರಾಯವನ್ನು ನೋಡುಗರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ, ಹಾಗೆ ನೋಡುವುದು ಸರಿಯೂ ಹೌದು. ಅಮೆಜಾನ್‌ನಲ್ಲಿ ನಿಮ್ಮ ಸೋಪು ಮಾರಾಟಕ್ಕಿದ್ದರೆ ಆ ಪುಟದಲ್ಲಿ ರಿವ್ಯೂ ಬರೆಯಿರೆಂದು ಇವರನ್ನು ಕೇಳಲೇಬೇಡಿ. ಉಚಿತ ವಸ್ತು ಕೊಟ್ಟು ರಿವ್ಯೂ ಪಡೆಯುವುದನ್ನು ಅಮೆಜಾನ್ ಮಾರಾಟಗಾರರಿಗೆ ನಿಷೇಧಿಸಿದೆ.

ಪೊಟ್ಟಣದೊಳಗೆ ಒಂದು ಚೀಟಿ ಇಡಿ: ಪದಾರ್ಥಗಳ ಪೂರ್ಣ ಪಟ್ಟಿ, ತಯಾರಿಸಿದ ದಿನಾಂಕ, ಮೊದಲು ಒಳಮೊಣಕೈಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ ಎಂಬ ಸೂಚನೆ, ನೀರು ಬಸಿದು ಹೋಗುವ ಸೋಪು ಡಬ್ಬಿಯಲ್ಲೇ ಇಡಿ ಎಂಬ ಮಾತು. ಕೊನೆಯದನ್ನು ಬಿಟ್ಟರೆ ಏನಾಗುತ್ತದೆ ನೋಡಿ. ಇಂಥ ಸೋಪಿನಲ್ಲಿ ಗ್ಲಿಸರಿನ್ ಉಳಿದಿರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ನಿಂತ ತಟ್ಟೆಯಲ್ಲಿಟ್ಟರೆ ಅಡಿಭಾಗ ಲೋಳೆಯಾಗಿ ಬೇಗ ಕರಗುತ್ತದೆ, ವಿಡಿಯೊದಲ್ಲಿ ಅದೇ ದೂರಾಗುತ್ತದೆ.

ಹಾಗೊಂದು ದೂರು ಬಂದೇಬಿಟ್ಟರೆ ವಿಡಿಯೊ ತೆಗೆಯಿರಿ ಎಂದು ಕೇಳಬೇಡಿ. ಅದರ ಕೆಳಗೆ ಕಾರಣವನ್ನೂ ಪರಿಹಾರವನ್ನೂ ಎರಡು ಸಾಲಿನಲ್ಲಿ ಬರೆಯಿರಿ. ಕೊಳ್ಳಲು ಯೋಚಿಸುತ್ತಿರುವವರು ಅದನ್ನೂ ಓದುತ್ತಾರೆ. ಪೊಟ್ಟಣ ತಲುಪಿ ಎರಡು ವಾರವಾದರೂ ಸುದ್ದಿಯಿಲ್ಲದಿದ್ದರೆ ‘ಸೋಪು ಸರಿಯಾಗಿ ತಲುಪಿತೇ?’ ಎಂದು ಒಂದೇ ಸಲ ಕೇಳಿ. ‘ಯಾವಾಗ ಹಾಕ್ತೀರಿ?’ ಎಂದು ಕೇಳಿದರೆ ಮೊದಲು ಕೊಟ್ಟ ಮಾತನ್ನು ನೀವೇ ಮುರಿದಂತೆ. ಅವರ ವಿಡಿಯೊದ ತುಣುಕನ್ನು ನಿಮ್ಮ ಜಾಹೀರಾತಿಗೆ ಬಳಸುವ ಆಸೆಯಿದ್ದರೆ ಎಲ್ಲಿ, ಎಷ್ಟು ಕಾಲ ಎಂದು ಬರೆದು ಬೇರೆಯಾಗಿಯೇ ಒಪ್ಪಿಗೆ ಪಡೆಯಿರಿ. ಅದಕ್ಕೆ ಅವರು ಹಣ ಕೇಳಬಹುದು, ಕೇಳಿದರೆ ಅದು ನ್ಯಾಯವೇ.