ಗದ್ದೆಗೆ ಯೂರಿಯಾ: ಸೊಸೈಟಿ ಅರ್ಜಿಯಲ್ಲಿ ಲೆಕ್ಕ ಹೀಗೆ ಬರೆಯಿರಿ

"ಮಡಿಕೇರಿ ಹತ್ತಿರ ಗದ್ದೆ, ಅಳತೆ 2 ಎಕರೆ 20 ಗುಂಟೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಎಕರೆಗೆ 30 ಕಿಲೋ ಸಾರಜನಕ. ಡಿಎಪಿ 3 ಮೂಟೆ ಮನೆಯಲ್ಲಿದೆ. ಯೂರಿಯಾ ಎಷ್ಟು ಕೇಳಲಿ?"

3 ಮೂಟೆ ಕೇಳಿ ಸರ್. ಆದರೆ ಅರ್ಜಿಯಲ್ಲಿ ಜಾಗವನ್ನು 2.20 ಎಕರೆ ಅಂತ ಬರೆಯಬೇಡಿ. ಎಕರೆಗೆ 40 ಗುಂಟೆ, ಹಾಗಾಗಿ ನಿಮ್ಮದು ಎರಡೂವರೆ ಎಕರೆ. ಚುಕ್ಕಿ ಇಟ್ಟು ಬರೆದರೆ ಗುಮಾಸ್ತರು 2.2 ಅಂತ ಗುಣಿಸುತ್ತಾರೆ, ಸುಮಾರು 20 ಕಿಲೋ ಯೂರಿಯಾ ಸುಮ್ನೆ ಹೋಗುತ್ತೆ. ಪಹಣಿಯಲ್ಲಿ ಬಾಣೆ ಜಾಗವೂ ಇದ್ದರೆ ಅದನ್ನು ಸೇರಿಸಬೇಡಿ, ನಾಟಿ ಮಾಡುವ ಗದ್ದೆಯ ಅಳತೆ ಮಾತ್ರ ಕೊಡಿ.

ಎರಡೂವರೆ ಎಕರೆಗೆ 75 ಕಿಲೋ ಸಾರಜನಕ ಬೇಕು. 50 ಕಿಲೋದ ಡಿಎಪಿ ಮೂಟೆಯಲ್ಲಿ 9 ಕಿಲೋ ಸಾರಜನಕ ಇರುತ್ತೆ. ಮೂರರಿಂದ 27 ಬಂತು, ಉಳಿದದ್ದು 48. ತುಂಬಾ ಜನ ಇದನ್ನು ಕಳೆಯುವುದೇ ಇಲ್ಲ, ಆಮೇಲೆ ಪೈರು ಜಾಸ್ತಿ ಸೊಕ್ಕಿ ಮಲಗುತ್ತೆ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46, ಅಂದರೆ 104 ಕಿಲೋ ಸಾಕು. ಮೂಟೆ 45 ಕಿಲೋದ್ದು, ಎರಡು ಸಾಲಲ್ಲ.

ಅರ್ಜಿಯಲ್ಲಿ ಹೀಗೆ ಬರೆಯಿರಿ: "ಗದ್ದೆ 2 ಎಕರೆ 20 ಗುಂಟೆ. ಬೇಕಾದ ಸಾರಜನಕ 75 ಕಿಲೋ, ಡಿಎಪಿಯಿಂದ 27 ಕಿಲೋ. ಉಳಿದ 48 ಕಿಲೋಗೆ ಯೂರಿಯಾ 104 ಕಿಲೋ ಬೇಕು. ದಯವಿಟ್ಟು 3 ಮೂಟೆ ಕೊಡಿ." ಜೊತೆಗೆ ಪಹಣಿ, ಮಣ್ಣು ಪರೀಕ್ಷೆ ಚೀಟಿಯ ಜೆರಾಕ್ಸ್ ಇಡಿ. ಗದ್ದೆಗೆ 104 ಕಿಲೋ ಮಾತ್ರ ಹಾಕಿ, ಅದನ್ನೂ ಕಂತಿನಲ್ಲಿ.