ಮುಖ ಬೆಳ್ಳಗಾದರೆ ತಪ್ಪು ಮೊಬೈಲ್‌ನದಲ್ಲ

ಪ್ರಶ್ನೆ: ಮಗಳ ನೃತ್ಯವನ್ನು ಪ್ರೇಕ್ಷಕರ ಸಾಲಿನಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿದರೆ ಸ್ಪಾಟ್‌ಲೈಟ್ ಬಿದ್ದಾಗಲೆಲ್ಲ ಅವಳ ಮುಖ ಬರೀ ಬಿಳಿಯಾಗಿ ಕಾಣುತ್ತದೆ. ಯಾವ ಮೊಬೈಲ್ ಕೊಂಡರೆ ಸರಿಹೋಗುತ್ತದೆ?

ಮೊಬೈಲ್ ಕೊಳ್ಳಬೇಡಿ. ನನ್ನ ತಂಗಿಯ ಮೊದಲ ಏಕವ್ಯಕ್ತಿ ನೃತ್ಯವನ್ನು ನಾನು ಆಗಷ್ಟೇ ಕೊಂಡಿದ್ದ ಒಳ್ಳೆಯ ಮೊಬೈಲ್‌ನಲ್ಲೇ ಚಿತ್ರೀಕರಿಸಿ ಹಾಳು ಮಾಡಿದೆ. ಹನ್ನೊಂದು ನಿಮಿಷದ ನೃತ್ಯ, ಅದರಲ್ಲಿ ನಾಲ್ಕು ನಿಮಿಷ ಅವಳು ನಿಂತಲ್ಲೇ ನಿಂತು ಕಣ್ಣಿನಲ್ಲೇ ಅಭಿನಯಿಸುವ ಭಾಗ. ಆ ನಾಲ್ಕು ನಿಮಿಷಗಳಲ್ಲಿ ಅವಳಿಗೆ ಮುಖವೇ ಇಲ್ಲ. ಹಣೆ, ಮೂಗು, ಕೆನ್ನೆ ಎಲ್ಲವೂ ಒಂದೇ ಬಿಳಿ ಹಾಳೆಯಾಗಿ, ಅದರ ಮೇಲೆ ಕಾಡಿಗೆಯ ಎರಡು ಗೆರೆಗಳು ಮಾತ್ರ ಉಳಿದಿವೆ.

ನಾನು ಮಾಡಿದ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ಅರಿವಿಲ್ಲದೆ ಆದ ತಪ್ಪಲ್ಲ. ಎಕ್ಸ್‌ಪೋಶರ್ ಲಾಕ್ ಮಾಡಬೇಕೆಂದು, ಅಂದರೆ ಎಷ್ಟು ಬೆಳಕು ಹಿಡಿಯಬೇಕೆಂಬ ಅಳತೆಯನ್ನು ಮೊಬೈಲ್ ತಾನಾಗಿ ಬದಲಿಸದಂತೆ ಕಟ್ಟಿಹಾಕಬೇಕೆಂದು ನನಗೆ ಗೊತ್ತಿತ್ತು. ಪರದೆ ಸರಿದು ರಂಗದ ತುಂಬ ಹದವಾದ ಬೆಳಕು ಹರಡಿದ ಕೂಡಲೇ ಅವಳ ಮೇಲೆ ಬೆರಳಿಟ್ಟು ಲಾಕ್ ಮಾಡಿದೆ, ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಮೂರನೇ ನಿಮಿಷಕ್ಕೆ ಎಲ್ಲ ದೀಪಗಳೂ ಆರಿ ಒಂದೇ ಒಂದು ಸ್ಪಾಟ್‌ಲೈಟ್ ಅವಳ ಮೇಲೆ ಬಿತ್ತು. ಮೊಬೈಲ್ ಮಾತ್ರ ನಾನು ಹೇಳಿದ ಹಳೆಯ ಅಳತೆಯನ್ನೇ ಹಿಡಿದು ಕುಳಿತಿತ್ತು. ಲಾಕ್ ಮಾಡಿದ್ದು ಸರಿ, ಮಾಡಿದ ಹೊತ್ತು ತಪ್ಪು.

ಆಗಲೇ ಏಕೆ ತಿಳಿಯಲಿಲ್ಲ ಎಂದು ನೀವು ಕೇಳಬಹುದು. ಕತ್ತಲ ಸಭಾಂಗಣದಲ್ಲಿ ಕಣ್ಣು ಕತ್ತಲಿಗೆ ಹೊಂದಿಕೊಂಡಿರುತ್ತದೆ, ಅಂಗೈಯಗಲದ ಪರದೆಯಲ್ಲಿ ಮುಖ ಉಗುರಿನಷ್ಟೂ ಇರುವುದಿಲ್ಲ. ಬೆಳ್ಳಗೆ ಹೊಳೆಯುವ ಮುಖ ಚೆನ್ನಾಗಿ ಬಂದಂತೆಯೇ ತೋರಿತು. ಮನೆಗೆ ಬಂದು ದೊಡ್ಡ ಪರದೆಯಲ್ಲಿ ಹಾಕಿದಾಗ ಎದೆ ಧಸಕ್ಕೆಂದಿತು. ಎಡಿಟಿಂಗ್‌ನಲ್ಲಿ ಬೆಳಕು ಇಳಿಸಿ ನೋಡಿದೆ. ಬಿಳಿ ಹೋಗಿ ಬೂದಿಯ ಬಣ್ಣ ಬಂತು, ಮೂಗು ಮರಳಿ ಬರಲಿಲ್ಲ. ಸೆನ್ಸರ್ ತನ್ನ ಮಿತಿಯಷ್ಟು ಬೆಳಕು ತುಂಬಿಕೊಂಡ ಮೇಲೆ ಅದಕ್ಕೆ ಕೆನ್ನೆಯೂ ಒಂದೇ, ಮೂಗಿನ ಅಂಚೂ ಒಂದೇ. ದಾಖಲಾಗದ ವ್ಯತ್ಯಾಸವನ್ನು ಯಾವ ತಂತ್ರಾಂಶವೂ ಹುಡುಕಿಕೊಡಲಾರದು. ಕಪ್ಪಾಗಿ ಬಂದದ್ದನ್ನು ಮಾತ್ರ ಒಂದಿಷ್ಟು ಮೇಲೆತ್ತಬಹುದು, ಅದೂ ಸ್ವಲ್ಪ ಮರಳುಮರಳಾಗಿ.

ನೀವು ಲಾಕ್ ಮಾಡುತ್ತಿಲ್ಲ ಎಂದು ಊಹಿಸುತ್ತೇನೆ. ಹಾಗಿದ್ದರೂ ಫಲ ಅದೇ. ಮೊಬೈಲ್ ಚೌಕಟ್ಟಿನ ಬೆಳಕನ್ನೆಲ್ಲ ಲೆಕ್ಕ ಹಾಕುತ್ತದೆ. ಬಹುಪಾಲು ಕಪ್ಪು ರಂಗವೇ ಇರುವುದರಿಂದ ಎಲ್ಲವೂ ಕತ್ತಲು ಎಂದು ಬಗೆದು ಬೆಳಕನ್ನು ಏರಿಸುತ್ತದೆ, ಅದರ ಹೊಡೆತ ಬೀಳುವುದು ಮುಖಕ್ಕೆ.

ಮುಂದಿನ ಪ್ರದರ್ಶನದಲ್ಲಿ ಅದೇ ಮೊಬೈಲ್ ಹಿಡಿದು ಮೊದಲ ಸ್ಪಾಟ್‌ಲೈಟ್ ಬೀಳುವವರೆಗೂ ಕಾದೆ. ಬಿದ್ದ ಕೂಡಲೇ ಅವಳ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದೆ. ಐಫೋನ್‌ನಲ್ಲಿ `AE/AF LOCK` ಎಂದು ತೋರಿಸುತ್ತದೆ, ಹಲವು ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಬೀಗದ ಚಿಹ್ನೆ ಬರುತ್ತದೆ. ಇಲ್ಲಿಗೇ ನಿಲ್ಲಿಸಬೇಡಿ. ಮೊಬೈಲ್ ಅಳೆಯುವ ಜಾಗ ದೂರದ ಆ ಪುಟ್ಟ ಮುಖಕ್ಕಿಂತ ದೊಡ್ಡದು, ಸುತ್ತಲಿನ ಕಪ್ಪೂ ಅದರೊಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಪಕ್ಕದಲ್ಲಿ ಕಾಣುವ ಸೂರ್ಯನ ಚಿಹ್ನೆಯನ್ನು ಕೆಳಕ್ಕೆ ಎಳೆಯಿರಿ. ಎಷ್ಟು ಎಂದರೆ, ಮೂಗಿನ ಪಕ್ಕದ ನೆರಳು ಕೆನ್ನೆಯಿಂದ ಬೇರೆಯಾಗಿ ಕಾಣುವವರೆಗೆ. ಉಡುಪು ಮಂಕಾಗುತ್ತದೆ, ಹಿಂದಿನ ಪರದೆ ಕಾಣದೇ ಹೋಗುತ್ತದೆ. ಹೋಗಲಿ ಬಿಡಿ, ನೀವು ಬಂದಿರುವುದು ಮಗಳ ಮುಖ ನೋಡಲು.

ಫೋಕಸ್ ಸಹ ಇದರೊಂದಿಗೇ ಲಾಕ್ ಆಗುವುದರಿಂದ, ದೀಪ ಆರಿದಾಗ ಲೆನ್ಸ್ ತಡಕಾಡಿ ಚಿತ್ರ ಮಸುಕಾಗುವ ಕಾಟವೂ ತಪ್ಪುತ್ತದೆ. ಜೂಮ್ ಎಷ್ಟು ಬೇಕೆಂಬುದನ್ನು ಲಾಕ್ ಮಾಡುವ ಮುನ್ನವೇ ನಿರ್ಧರಿಸಿ. ನಡುವೆ ಜೂಮ್ ಮಾಡಿದರೆ ಮೊಬೈಲ್ ಬೇರೆ ಲೆನ್ಸ್‌ಗೆ ಹಾರಿ ಬಣ್ಣವೂ ಬೆಳಕೂ ಜಿಗಿಯಬಹುದು. ಕಡುನೀಲಿ, ಕಡುಕೆಂಪು ಎಲ್‌ಇಡಿ ದೀಪ ಬಿದ್ದಾಗ ಮಾತ್ರ ಇನ್ನೂ ಒಂದಿಷ್ಟು ಇಳಿಸಿ. ಅಲ್ಲಿ ಒಂದೇ ಬಣ್ಣ ತುಂಬಿ ತುಳುಕಿ ಮುಖವೆಲ್ಲ ನೀಲಿ ಮುದ್ದೆಯಾಗುತ್ತದೆ, ಅದೂ ಸರಿಪಡಿಸಲಾಗದ್ದೇ.

ಪ್ರದರ್ಶನದ ದಿನವೇ ಇದನ್ನು ಮೊದಲ ಬಾರಿ ಮಾಡಬೇಡಿ, ಕತ್ತಲಲ್ಲಿ ಬೆರಳು ತಪ್ಪುತ್ತದೆ. ರಾತ್ರಿ ಕೋಣೆಯ ದೀಪ ಆರಿಸಿ, ಮಗಳ ಮುಖದ ಮೇಲೆ ಮೇಜಿನ ದೀಪವೊಂದನ್ನು ನೇರವಾಗಿ ತಿರುಗಿಸಿ, ನೀವು ಕೋಣೆಯ ಇನ್ನೊಂದು ಮೂಲೆಯಲ್ಲಿ ನಿಂತು ಒತ್ತುವುದನ್ನೂ ಎಳೆಯುವುದನ್ನೂ ಹತ್ತು ಸಲ ಮಾಡಿ. ಚಿತ್ರೀಕರಿಸಿದ್ದನ್ನು ದೊಡ್ಡ ಪರದೆಯಲ್ಲಿ ಹಾಕಿ ಮೂಗಿನ ಪಕ್ಕದ ಆ ನೆರಳು ಇದೆಯೇ ನೋಡಿ.